ಆತ್ಮ, ಬ್ರಹ್ಮ ಮತ್ತು ಐದು ಅಂಕದ ಪ್ರಶ್ನೆ

ಕಳೆದ ತಿಂಗಳು ನಮ್ಮ ರೂಮಿನವನೊಬ್ಬನ ತಂಗಿ ವಾಟ್ಸಾಪಲ್ಲಿ ಒಂದು ಫೋಟೋ ಕಳಿಸಿದಳು. ಅವಳು ಊರಲ್ಲೇ ಕನ್ನಡ ಮಾಧ್ಯಮದಲ್ಲಿ ದ್ವಿತೀಯ ಪಿಯುಸಿ ಓದ್ತಾ ಇದ್ದಾಳೆ, ಆರ್ಟ್ಸ್. ಫೋಟೋದಲ್ಲಿ ಇದ್ದದ್ದು ಇತಿಹಾಸದ ಟೆಸ್ಟ್ ಪೇಪರ್. ಪ್ರಶ್ನೆ: 'ಉಪನಿಷತ್ತುಗಳಲ್ಲಿ ಬರುವ ಆತ್ಮ ಮತ್ತು ಬ್ರಹ್ಮ ಪರಿಕಲ್ಪನೆಗಳನ್ನು ವಿವರಿಸಿ.' ಐದು ಅಂಕ. ಅವಳಿಗೆ ಸಿಕ್ಕಿದ್ದು ಒಂದೂವರೆ.

ಅವಳು ಬರೆದದ್ದರ ಸಾರ ಹೀಗಿತ್ತು: ಮನುಷ್ಯ ಸತ್ತ ಮೇಲೆ ದೇಹದಿಂದ ಹೊರಗೆ ಹೋಗುವುದು ಆತ್ಮ. ಬ್ರಹ್ಮನು ನಾಲ್ಕು ಮುಖದವನು, ಜಗತ್ತನ್ನು ಸೃಷ್ಟಿ ಮಾಡಿದವನು. ಆತ್ಮವು ಕೊನೆಗೆ ಬ್ರಹ್ಮನನ್ನು ಹೋಗಿ ಸೇರುತ್ತದೆ. ಕೆಳಗೆ ಕೆಂಪು ಇಂಕಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅಷ್ಟೇ. ಯಾಕೆ ತಪ್ಪು ಅಂತ ಯಾರೂ ಬರೆದಿರಲಿಲ್ಲ.

'ಅಣ್ಣಂದಿರಾ, ಸರಿಯಾದ ಉತ್ತರ ಏನು ಅಂತ ಹೇಳಿ, ಬೋರ್ಡ್ ಎಕ್ಸಾಮಲ್ಲಿ ಬಂದ್ರೆ ಬೇಕು' ಅಂದಳು. ನಾವು ಮೂರು ಜನ ಕೂತೆವು. ಮೂವರೂ ಇಂಗ್ಲಿಷ್ ಮೀಡಿಯಂ. ನಮ್ಮ ತಲೆಯಲ್ಲಿ ಇದ್ದದ್ದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಒಂದೇ ವಾಕ್ಯ: ಆತ್ಮ ಅಂದರೆ ಇಂಡಿವಿಜುವಲ್ ಸೋಲ್, ಬ್ರಹ್ಮ ಅಂದರೆ ಯೂನಿವರ್ಸಲ್ ಸೋಲ್, ಎರಡೂ ಒಂದೇ. ಅದನ್ನೇ ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿದೆವು. ಎರಡು ನಿಮಿಷಕ್ಕೆ ಉತ್ತರ ಬಂತು: 'ಒಂದೇ ಆಗಿದ್ರೆ ಎರಡು ಹೆಸರು ಯಾಕೆ? ಒಂದೇ ಅಂತ ಹೇಗೆ ಗೊತ್ತಾಯ್ತು ಅವರಿಗೆ?'

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಲೈಬ್ರರಿಯಲ್ಲಿ ಛಾಂದೋಗ್ಯ ಮತ್ತು ಬೃಹದಾರಣ್ಯಕ ಉಪನಿಷತ್ತುಗಳ ಕನ್ನಡ ಅನುವಾದ ಹುಡುಕಿದೆವು. ಈ ಎರಡೂ ಅತ್ಯಂತ ಹಳೆಯ ಉಪನಿಷತ್ತುಗಳು, ಗದ್ಯದಲ್ಲಿ ಇರುವಂಥವು. ಬುದ್ಧನಿಗಿಂತ ಸ್ವಲ್ಪ ಮುಂಚಿನವು ಅಂತ ಬಹಳಷ್ಟು ವಿದ್ವಾಂಸರ ಅಂದಾಜು. ಈ ಲೇಖನ ನಾವು ಅವಳಿಗೆ ಕಳಿಸಿದ ವಾಯ್ಸ್ ನೋಟ್‌ಗಳನ್ನೇ ತಿದ್ದಿ ಬರೆದದ್ದು.

ಮೊದಲು ಶಬ್ದಗಳ ವಿಷಯ. ಅವಳ ಉತ್ತರದ ಅರ್ಧ ತಪ್ಪು ತತ್ತ್ವದಲ್ಲಿ ಇರಲಿಲ್ಲ, ಕನ್ನಡದಲ್ಲಿ ಇತ್ತು.

ಸಂಸ್ಕೃತದಲ್ಲಿ ಎರಡು ಬೇರೆ ಶಬ್ದಗಳಿವೆ. ಒಂದು ನಪುಂಸಕಲಿಂಗದ ಬ್ರಹ್ಮ, ಕೊನೆಯ ಸ್ವರ ಹ್ರಸ್ವ. ಇನ್ನೊಂದು ಪುಲ್ಲಿಂಗದ ಬ್ರಹ್ಮಾ, ಕೊನೆಯ ಸ್ವರ ದೀರ್ಘ. ನಾಲ್ಕು ಮುಖದ ದೇವರು ಈ ಎರಡನೆಯವನು. ಕನ್ನಡಕ್ಕೆ ಬರುವಾಗ ಆ ದೀರ್ಘ ಹೋಗಿಬಿಟ್ಟು ಎರಡೂ 'ಬ್ರಹ್ಮ' ಆಗಿವೆ. ಅದಕ್ಕೇ ಕೆಲವು ಪುಸ್ತಕಗಳಲ್ಲಿ 'ಬ್ರಹ್ಮನ್' ಅಂತ ಬರೀತಾರೆ, ಗೊಂದಲ ಆಗದಿರಲಿ ಅಂತ. ಆದರೆ ಕನ್ನಡದಲ್ಲೇ ಒಂದು ಸುಲಭ ಪರೀಕ್ಷೆ ಇದೆ, ಕ್ರಿಯಾಪದ ನೋಡಿದರೆ ಸಾಕು. 'ಬ್ರಹ್ಮ ಇದ್ದಾನೆ' ಅಂದರೆ ದೇವರು. 'ಬ್ರಹ್ಮ ಇದೆ' ಅಂದರೆ ಉಪನಿಷತ್ತಿನದು. ಅವಳು 'ಬ್ರಹ್ಮನನ್ನು ಸೇರುತ್ತದೆ' ಅಂತ ಬರೆದಿದ್ದಳು, 'ಬ್ರಹ್ಮವನ್ನು' ಅಂತ ಬರೆಯಬೇಕಿತ್ತು. ಪೇಪರ್ ತಿದ್ದುವವರಿಗೆ ಈ ಒಂದು ವಿಭಕ್ತಿಯಲ್ಲೇ ವಿದ್ಯಾರ್ಥಿಗೆ ಅರ್ಥ ಆಗಿದೆಯೋ ಇಲ್ಲವೋ ಕಾಣಿಸುತ್ತೆ.

ಇನ್ನು ಆತ್ಮ. ಕನ್ನಡದಲ್ಲಿ ಈ ಶಬ್ದ ಒಂಟಿಯಾಗಿ ಬಂದಾಗ ನಮಗೆ ಸಾವು ನೆನಪಾಗುತ್ತೆ. ಶ್ರದ್ಧಾಂಜಲಿ ಬ್ಯಾನರ್‌ನಲ್ಲಿ 'ಆತ್ಮಕ್ಕೆ ಶಾಂತಿ ಸಿಗಲಿ', ದೆವ್ವದ ಸಿನಿಮಾದಲ್ಲಿ 'ಆತ್ಮ ಅಲೆದಾಡ್ತಿದೆ'. ಆದರೆ ಇದೇ ಶಬ್ದ ಸಮಾಸದಲ್ಲಿ ಬಂದಾಗ ಹಳೆಯ ಅರ್ಥ ಹಾಗೇ ಉಳಿದಿದೆ. ಆತ್ಮಕಥೆ ಅಂದರೆ ದೆವ್ವದ ಕಥೆ ಅಲ್ಲ, ತನ್ನ ಕಥೆ. ಆತ್ಮವಿಶ್ವಾಸ ಅಂದರೆ ತನ್ನ ಮೇಲೆ ತನಗಿರುವ ನಂಬಿಕೆ. ಸಂಸ್ಕೃತದಲ್ಲಿ ಆತ್ಮನ್ ಅನ್ನೋದು ದಿನನಿತ್ಯದ ಶಬ್ದ, ನಮ್ಮ 'ತಾನು', 'ತನ್ನ' ಇದ್ದ ಹಾಗೆ. ಕೆಲವು ಕಡೆ ಬರೀ ದೇಹ ಅನ್ನೋ ಅರ್ಥದಲ್ಲೂ ಬರುತ್ತೆ. ಹಾಗಾಗಿ ಉಪನಿಷತ್ತಿನವರು ಕೇಳ್ತಾ ಇದ್ದ ಪ್ರಶ್ನೆ 'ಸತ್ತ ಮೇಲೆ ಏನು ಹೊರಗೆ ಹೋಗುತ್ತೆ' ಅಂತ ಶುರುವಾಗಲ್ಲ. 'ತಾನು, ತಾನು ಅಂತೀವಲ್ಲ, ಆ ತಾನು ನಿಜವಾಗಿ ಯಾವುದು? ಕಣ್ಣಾ, ಉಸಿರಾ, ಮನಸ್ಸಾ?' ಅಂತ ಶುರುವಾಗುತ್ತೆ. ಸೋಲ್ ಅನ್ನೋ ಅನುವಾದ ನಮ್ಮನ್ನು ದಾರಿ ತಪ್ಪಿಸಿದ್ದು ಇಲ್ಲೇ.

ಬ್ರಹ್ಮ ಶಬ್ದಕ್ಕೂ ಒಂದು ಪ್ರಯಾಣ ಇದೆ. ಋಗ್ವೇದದಲ್ಲಿ ಅದರ ಅರ್ಥ ಪ್ರಾರ್ಥನೆ, ಮಂತ್ರ, ಮಂತ್ರದೊಳಗಿನ ಶಕ್ತಿ. ಯಜ್ಞ ಮಾಡಿದರೆ ಮಳೆ ಬರುತ್ತೆ, ಹಸು ಕರು ಹೆಚ್ಚುತ್ತೆ ಅಂತ ನಂಬಿದ್ದವರಿಗೆ, ಆ ಕೆಲಸ ಆಗೋದು ಈ ಶಕ್ತಿಯಿಂದ. ಮುಂದೆ ಬ್ರಾಹ್ಮಣಗಳು ಅನ್ನೋ ಗ್ರಂಥಗಳಲ್ಲಿ (ಜಾತಿಯ ಹೆಸರಲ್ಲ, ಯಜ್ಞವನ್ನು ವಿವರಿಸುವ ಗ್ರಂಥಗಳ ಹೆಸರು) ಒಂದು ವಿಚಿತ್ರ ಅಭ್ಯಾಸ ಬೆಳೆಯಿತು. ಯಜ್ಞದಲ್ಲಿರುವ ವಸ್ತು, ಹೊರಗಿನ ಪ್ರಪಂಚ, ಮನುಷ್ಯನ ದೇಹ ಈ ಮೂರರ ನಡುವೆ ನಂಟು ಹುಡುಕುವುದು. ಇಂಥ ನಂಟಿಗೆ ಅವರು ಬಂಧು ಅಂತಿದ್ದರು, ನಮ್ಮ ಬಂಧು-ಬಳಗದ ಬಂಧುವೇ. ಕಣ್ಣಿಗೂ ಸೂರ್ಯನಿಗೂ ನಂಟು, ಉಸಿರಿಗೂ ಗಾಳಿಗೂ ನಂಟು. ಬೃಹದಾರಣ್ಯಕ ಶುರುವಾಗೋದೇ ಹೀಗೆ: ಅಶ್ವಮೇಧದ ಕುದುರೆಯ ತಲೆ ಉಷಃಕಾಲ, ಕಣ್ಣು ಸೂರ್ಯ, ಉಸಿರು ಗಾಳಿ, ಹೀಗೆ ಇಡೀ ಕುದುರೆಯೇ ಪ್ರಪಂಚವಾಗಿಬಿಡುತ್ತೆ. ಮೊದಲ ಸಲ ಓದಿದಾಗ ನಮಗೆ ನಗು ಬಂತು. ಎರಡನೇ ಸಲ ಓದಿದಾಗ ಇದು ಮ್ಯಾಪಿಂಗ್ ಅಂತ ಹೊಳೆಯಿತು. ಎಡಗಡೆ ಒಂದು ಗುಂಪು, ಬಲಗಡೆ ಒಂದು ಗುಂಪು, ನಡುವೆ ಗೆರೆ ಎಳೀತಾ ಹೋಗುವುದು.

ಇಷ್ಟು ಗೊತ್ತಾದ ಮೇಲೆ ತಂಗಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಎರಡು ಹೆಸರು ಯಾಕೆ ಅಂದರೆ, ಎರಡು ಬೇರೆ ಹುಡುಕಾಟಗಳು ಇದ್ದವು. ದೇಹದ ಕಡೆಯಿಂದ ಹುಡುಕಿದವರು ಕಣ್ಣು, ಕಿವಿ, ಮನಸ್ಸು, ಉಸಿರು ಎಲ್ಲಕ್ಕೂ ಆಧಾರವಾದ ಒಂದನ್ನು ಆತ್ಮ ಅಂದರು. ಪ್ರಪಂಚದ ಕಡೆಯಿಂದ ಹುಡುಕಿದವರು ಸೂರ್ಯ, ಗಾಳಿ, ನೀರು ಎಲ್ಲಕ್ಕೂ ಆಧಾರವಾದ ಒಂದನ್ನು ಬ್ರಹ್ಮ ಅಂದರು. ಇಡೀ ಮ್ಯಾಪಿಂಗ್‌ನಲ್ಲಿ ಕೊನೆಯ ಗೆರೆ ಒಂದು ಬಾಕಿ ಇತ್ತು. ಆ ಗೆರೆ ಎಳೆದವರಲ್ಲಿ ಒಬ್ಬ ಶಾಂಡಿಲ್ಯ.

ಛಾಂದೋಗ್ಯದ ಮೂರನೇ ಅಧ್ಯಾಯದಲ್ಲಿ ಅವನ ಹೆಸರಲ್ಲಿ ಒಂದು ಸಣ್ಣ ಭಾಗ ಇದೆ. 12ನೇ ತರಗತಿಯ ಎನ್‌ಸಿಇಆರ್‌ಟಿ ಇತಿಹಾಸ ಪುಸ್ತಕದಲ್ಲಿ ಅದರ ಒಂದು ತುಣುಕನ್ನು ಆಧಾರವಾಗಿ ಕೊಟ್ಟಿದ್ದಾರೆ, ಹಾಗಾಗಿ ಆ ಕಡೆಯವರಿಗೆ ಪರಿಚಯ ಇರಬಹುದು. ಹೃದಯದೊಳಗಿರುವ ಈ ನನ್ನ ಆತ್ಮ ಎಷ್ಟು ಚಿಕ್ಕದು ಅಂತ ಹೇಳೋಕೆ ಅವನು ಭತ್ತ, ಜವೆಗೋಧಿ, ಸಾಸಿವೆ, ಕಿರುಧಾನ್ಯದ ಕಾಳು, ಕೊನೆಗೆ ಆ ಕಾಳಿನೊಳಗಿನ ತಿರುಳು ಅಂತ ಇಳೀತಾ ಹೋಗ್ತಾನೆ. ತಕ್ಷಣ ತಿರುಗಿ, ಇದೇ ಆತ್ಮ ಭೂಮಿಗಿಂತ, ಅಂತರಿಕ್ಷಕ್ಕಿಂತ, ಎಲ್ಲ ಲೋಕಗಳಿಗಿಂತ ದೊಡ್ಡದು ಅಂತಾನೆ. ಆಮೇಲೆ ಹೇಳ್ತಾನೆ: ಇದೇ ಬ್ರಹ್ಮ. ಅಂದರೆ ಅಳತೆಗೆ ಸಿಗುವ ವಸ್ತುವಾಗಿದ್ದರೆ ಒಂದೋ ಚಿಕ್ಕದಾಗಿರಬೇಕು, ಇಲ್ಲ ದೊಡ್ಡದಾಗಿರಬೇಕು. ಎರಡೂ ಕಡೆ ಅಳತೆಪಟ್ಟಿ ಮುಗಿದುಹೋಗುವ ತನಕ ಎಳೆದು, ಇದು ಅಳೆಯುವ ಜಾತಿಯದ್ದಲ್ಲ ಅಂತ ತೋರಿಸ್ತಾನೆ. 'ಎರಡೂ ಒಂದೇ' ಅಂತ ಉತ್ತರದಲ್ಲಿ ಬರೆಯುವಾಗ ಗ್ರಂಥದ ಆಧಾರ ಬೇಕಿದ್ದರೆ ಇದು ನೇರವಾದದ್ದು.

ಆದರೆ ಶಾಂಡಿಲ್ಯ ಹೇಳ್ತಾನೆ, ತೋರಿಸಲ್ಲ. 'ಹೇಗೆ ಗೊತ್ತಾಯ್ತು' ಅನ್ನೋ ಪ್ರಶ್ನೆಗೆ ಅದೇ ಛಾಂದೋಗ್ಯದ ಆರನೇ ಅಧ್ಯಾಯಕ್ಕೆ ಬರಬೇಕು. ನಮಗೆ ಇಡೀ ಓದಿನಲ್ಲಿ ಅತ್ಯಂತ ಇಷ್ಟವಾದದ್ದು ಇದು, ಯಾಕಂದ್ರೆ ಇದು ಪೂರ್ತಿ ಲ್ಯಾಬ್ ಕ್ಲಾಸ್.

ಉದ್ದಾಲಕ ಆರುಣಿ ಅಪ್ಪ, ಶ್ವೇತಕೇತು ಮಗ. ಹನ್ನೆರಡು ವರ್ಷಕ್ಕೆ ಗುರುಕುಲಕ್ಕೆ ಹೋದ ಹುಡುಗ ಇಪ್ಪತ್ನಾಲ್ಕಕ್ಕೆ ಎಲ್ಲ ವೇದ ಓದಿ ಮುಗಿಸಿ ವಾಪಸ್ ಬರ್ತಾನೆ, ತಲೆ ತುಂಬ ಜಂಬ ಇಟ್ಕೊಂಡು. ಅಪ್ಪ ಒಂದು ಪ್ರಶ್ನೆ ಹಾಕ್ತಾನೆ: ಯಾವ ಒಂದನ್ನು ತಿಳಿದರೆ ಕೇಳದೇ ಇದ್ದದ್ದೂ ಕೇಳಿದ ಹಾಗೆ ಆಗುತ್ತೋ ಅದನ್ನು ನಿನ್ನ ಮೇಷ್ಟ್ರಲ್ಲಿ ಕೇಳಿದ್ಯಾ? ಹುಡುಗನಿಗೆ ಗೊತ್ತಿಲ್ಲ. ಹನ್ನೆರಡು ವರ್ಷ ಓದಿ ಮನೆಗೆ ಬಂದವನಿಗೆ ಸಿಲಬಸ್ ಹೊರಗಿನ ಪ್ರಶ್ನೆ! ಅಪ್ಪ ಮೊದಲು ಮಣ್ಣಿನ ಉದಾಹರಣೆ ಕೊಡ್ತಾನೆ. ಒಂದು ಮಣ್ಣಿನ ಮುದ್ದೆ ಏನು ಅಂತ ತಿಳಿದರೆ ಮಡಕೆ, ಕುಡಿಕೆ, ಹಣತೆ ಎಲ್ಲದರ ನಿಜ ತಿಳಿದ ಹಾಗೆ, ಉಳಿದದ್ದು ಬರೀ ಹೆಸರು. ಹಾಗೇ ಈ ಎಲ್ಲದಕ್ಕೂ ಮೂಲವಾಗಿ ಒಂದೇ ಒಂದು ಇತ್ತು ಅಂತಾನೆ. ಅದಕ್ಕೆ ಅವನು ಕೊಡುವ ಹೆಸರು 'ಸತ್', ಇರುವಿಕೆ. ಇಲ್ಲಿ ಗಮನಿಸಬೇಕಾದ್ದು, ಈ ಪಾಠದಲ್ಲಿ ಆ ಮೂಲವನ್ನು ಅವನು ಬ್ರಹ್ಮ ಅಂತ ಕರೆಯೋದೇ ಇಲ್ಲ. ಶಾಂಡಿಲ್ಯ ಬ್ರಹ್ಮ ಅಂದದ್ದನ್ನೇ ಇವನು ಸತ್ ಅಂತ ಕರೀತಾನೆ ಅಂತ ಮುಂದಿನವರು ಸೇರಿಸಿ ಓದಿದರು.

ಈಗ ಉಪ್ಪಿನ ಪ್ರಯೋಗ. ರಾತ್ರಿ ಅಪ್ಪ ಹೇಳ್ತಾನೆ, ಈ ಉಪ್ಪನ್ನು ನೀರಿಗೆ ಹಾಕಿಡು, ಬೆಳಿಗ್ಗೆ ಬಾ. ಬೆಳಿಗ್ಗೆ ಹುಡುಗ ಬಂದ ಮೇಲೆ, ನಿನ್ನೆ ಹಾಕಿದ ಉಪ್ಪು ತಗೊಂಡು ಬಾ ಅಂತಾನೆ. ಹುಡುಗ ನೀರಿಗೆ ಕೈ ಹಾಕಿ ತಡಕಾಡ್ತಾನೆ, ಸಿಗಲ್ಲ. ಈ ತುದಿಯಿಂದ ಒಂದು ಗುಟುಕು ಕುಡಿ, ಹೇಗಿದೆ? ಉಪ್ಪು. ಮಧ್ಯದಿಂದ? ಉಪ್ಪು. ಆ ತುದಿಯಿಂದ? ಉಪ್ಪು. ಆಗ ಅಪ್ಪ: ಅದು ಅಲ್ಲೇ ಇದೆ, ನಿನಗೆ ಕಾಣ್ತಿಲ್ಲ. ಸತ್ ಕೂಡ ಇಲ್ಲೇ ಇದೆ, ಕಾಣಲ್ಲ ಅಷ್ಟೇ. ಎಲ್ಲದಕ್ಕೂ ಅದೇ ಆತ್ಮ, ಅದೇ ನೀನು. ಈ ಕೊನೆಯ ಮಾತೇ 'ತತ್ತ್ವಮಸಿ' ಅಂತ ಹೆಸರಾದದ್ದು.

ನಾವು ಇದನ್ನು ಮಾಡಿ ನೋಡಿದೆವು. ಮೆಸ್ಸಿಂದ ಎರಡು ಚಮಚ ಉಪ್ಪು, ಉದ್ದದ ಸ್ಟೀಲ್ ಲೋಟದಲ್ಲಿ ನೀರು, ರಾತ್ರಿ ಇಟ್ಟು ಮಲಗಿದೆವು. ಬೆಳಿಗ್ಗೆ ಸ್ಟ್ರಾ ಹಾಕಿ ಕುಡಿದರೆ ಮೇಲುಗಡೆ ಸಪ್ಪೆ, ತಳದಲ್ಲಿ ಬಾಯಿಗೆ ಇಡೋಕೆ ಆಗದಷ್ಟು ಉಪ್ಪು. ಉದ್ದಾಲಕ ಸುಳ್ಳು ಹೇಳಿದನಾ ಅಂತ ಒಬ್ಬ ಗಲಾಟೆ ಶುರು ಮಾಡಿದ. ಲೆಕ್ಕ ಹಾಕಿದೆವು. ನೀರಲ್ಲಿ ಉಪ್ಪು ತಾನಾಗಿ ಹರಡುವ ಡಿಫ್ಯೂಷನ್ ಗುಣಾಂಕ ಸುಮಾರು 1.5 × 10⁻⁹ m²/s. ಲೋಟದ ಎತ್ತರ ಹತ್ತು ಸೆಂಟಿಮೀಟರ್ ಅಂದುಕೊಂಡು L²/D ತೆಗೆದರೆ ಎರಡು ತಿಂಗಳಿಗೂ ಹೆಚ್ಚು ಬರುತ್ತೆ. ಕಲಕದೇ ಇದ್ದರೆ ಉಪ್ಪು ಕರಗಿ ಭಾರವಾದ ನೀರು ತಳದಲ್ಲೇ ಕೂರುತ್ತೆ, ಒಂದು ರಾತ್ರಿ ಏನೂ ಸಾಲದು.

ಆಮೇಲೆ ಅನುವಾದ ಮತ್ತೆ ಓದಿದೆವು. ಕುಡಿಯೋಕೆ ಮುಂಚೆ ಶ್ವೇತಕೇತು ಉಪ್ಪಿಗಾಗಿ ನೀರಲ್ಲಿ ಕೈಯಾಡಿಸಿದ್ದಾನೆ! ಅವನಿಗೆ ಗೊತ್ತಿಲ್ಲದೆ ಅವನೇ ಕಲಕಿದ್ದಾನೆ. ನಮ್ಮ ಲೋಟವನ್ನೂ ಕೈ ಹಾಕಿ ತಡಕಾಡಿ ನೋಡಿದೆವು, ಆಗ ಮೂರೂ ಕಡೆ ಒಂದೇ ರುಚಿ. ಆ ಭಾಗ ಬರೆದವರು ಡಿಫ್ಯೂಷನ್ ಬಗ್ಗೆ ಯೋಚನೆ ಮಾಡಿದ್ದರು ಅಂತ ನಾವು ಹೇಳ್ತಾ ಇಲ್ಲ. ಅವರು ನಿಜವಾದ ಪಾತ್ರೆ, ನಿಜವಾದ ಉಪ್ಪು ನೋಡಿ ಬರೆದಿದ್ದಾರೆ ಅಂತ ಅನಿಸಿತು, ಅಷ್ಟೇ.

ಈ ಪ್ರಯೋಗ ಏನನ್ನು ತೋರಿಸುತ್ತೆ, ಏನನ್ನು ತೋರಿಸಲ್ಲ ಅಂತ ನೋಡೋದು ಮುಖ್ಯ. ತೋರಿಸೋದು ಇಷ್ಟು: ಕಣ್ಣಿಗೆ ಕಾಣದ, ಕೈಗೆ ಸಿಗದ ವಸ್ತು ಎಲ್ಲ ಕಡೆ ಇರಬಹುದು, ಅದನ್ನು ತಿಳಿಯೋಕೆ ಬೇರೆ ದಾರಿ ಬೇಕು. ಇಲ್ಲಿ ಆ ದಾರಿ ನಾಲಿಗೆ. ಆದರೆ ಉಪ್ಪು ನೀರು ಎರಡು ಬೇರೆ ವಸ್ತುಗಳು, ತಟ್ಟೆಯಲ್ಲಿಟ್ಟು ಬಿಸಿಲಿಗೆ ಇಟ್ಟರೆ ಉಪ್ಪು ಮತ್ತೆ ಬೇರೆಯಾಗುತ್ತೆ. ಎಲ್ಲವೂ ಒಂದೇ ಅನ್ನೋದಕ್ಕೆ ಇದು ಸಾಲಲ್ಲ. ಅದಕ್ಕೇ ಉದ್ದಾಲಕ ಒಂದೇ ಉದಾಹರಣೆಗೆ ನಿಲ್ಲಲ್ಲ. ಆಲದ ಹಣ್ಣು ತರಿಸಿ ಒಡೆಸ್ತಾನೆ, ಸಣ್ಣ ಬೀಜಗಳು. ಒಂದು ಬೀಜ ಒಡೆಸ್ತಾನೆ, ಒಳಗೆ ಏನು ಕಾಣುತ್ತೆ? ಏನೂ ಇಲ್ಲ. ಆ ಕಾಣದ ಸೂಕ್ಷ್ಮದಿಂದಲೇ ಇಷ್ಟು ದೊಡ್ಡ ಆಲದ ಮರ ನಿಂತಿದೆ ಅಂತಾನೆ. ಬೆಂಗಳೂರಿನ ಹತ್ತಿರ ರಾಮೋಹಳ್ಳಿಯ ದೊಡ್ಡ ಆಲದಮರಕ್ಕೆ ಪಿಕ್ನಿಕ್ ಹೋದವರು ಕೆಳಗೆ ಬಿದ್ದ ಹಣ್ಣು ಒಡೆದು ನೋಡಿ, ಬೀಜ ಸಾಸಿವೆಗಿಂತಲೂ ಚಿಕ್ಕದು. ಇಲ್ಲಿ ಉಪ್ಪಿನಲ್ಲಿ ಇಲ್ಲದ್ದು ಬಂತು: ಕಾಣದ್ದು ಬರೀ ಬೆರೆತಿಲ್ಲ, ಅದೇ ಮೂಲ. ಜೇನಿನ ಉದಾಹರಣೆಯಲ್ಲಿ ಇನ್ನೊಂದು: ಬೇರೆ ಬೇರೆ ಮರಗಳ ರಸ ಜೇನಾದ ಮೇಲೆ 'ನಾನು ಆ ಮರದ ರಸ' ಅಂತ ಯಾವುದಕ್ಕೂ ಗೊತ್ತಿರಲ್ಲ. ಹೀಗೆ ಒಂದೊಂದು ಉದಾಹರಣೆ ಎಲ್ಲಿ ಸೋಲುತ್ತೋ ಅಲ್ಲಿಂದ ಮುಂದಿನದು ಎತ್ತಿಕೊಳ್ಳುತ್ತೆ. ಪ್ರತಿಯೊಂದರ ಕೊನೆಗೂ ಅದೇ ಮಾತು, 'ಅದೇ ನೀನು', ಒಟ್ಟು ಒಂಬತ್ತು ಸಲ. ಮತ್ತು ಕೊನೆಯದನ್ನು ಬಿಟ್ಟು ಪ್ರತಿ ಸಲ ಹುಡುಗ 'ಇನ್ನೂ ತಿಳಿಸಿ ಹೇಳಿ' ಅಂತಾನೆ. ಅಂದರೆ ಅವನಿಗೂ ಒಂದೇ ಸಲಕ್ಕೆ ಅರ್ಥ ಆಗಿರಲಿಲ್ಲ.

'ಅದೇ ನೀನು' ಅನ್ನೋ ಹೆಜ್ಜೆ ಯಾವ ಪ್ರಯೋಗದಿಂದಲೂ ನೇರವಾಗಿ ಬರಲ್ಲ ಅಂತ ನಮ್ಮ ಅಭಿಪ್ರಾಯ. ತರ್ಕ ಇರೋದು ಹೀಗೆ: ಎಲ್ಲದಕ್ಕೂ ಒಂದೇ ಮೂಲ ಇದ್ದರೆ, ನೀನು 'ಎಲ್ಲ' ಅನ್ನೋದರ ಹೊರಗಿಲ್ಲ. ನಿನ್ನ ಹೆಸರು ಶ್ವೇತಕೇತು ಅನ್ನೋದು ಮಡಕೆ ಅನ್ನೋ ಹೆಸರಿನ ಹಾಗೆ. ಮಣ್ಣು ಯಾವುದೋ ಅದೇ ನೀನು. ಮೊದಲ ವಾಕ್ಯ ಒಪ್ಪಿದರೆ ಮಾತ್ರ ಉಳಿದದ್ದು ಬರುತ್ತೆ.

ಇಲ್ಲಿಗೆ ಬಂದಾಗ ತಂಗಿ ಕೇಳಿದಳು, 'ಎಲ್ಲರೂ ಇದನ್ನೇ ಒಪ್ಪಿದ್ರಾ?' ಇಲ್ಲ. ಇದು ಉತ್ತರ ಪತ್ರಿಕೆಯಲ್ಲಿ ಎರಡನೇ ದೊಡ್ಡ ತಪ್ಪು ಆಗುವ ಜಾಗ. ಬಹಳ ಜನ ಉಪನಿಷತ್ತು ಅಂತ ಶುರು ಮಾಡಿ ಶಂಕರರ ಅದ್ವೈತ ಬರೆದುಬಿಡ್ತಾರೆ. ಶಂಕರರು ಬಂದದ್ದು ಈ ಗ್ರಂಥಗಳಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಆದ ಮೇಲೆ. ಜಗತ್ತು ಮಾಯೆ ಅನ್ನೋ ವಾದವನ್ನು ಉದ್ದಾಲಕನ ಬಾಯಲ್ಲಿ ಹಾಕಬಾರದು, ಅವನು ಮಡಕೆ ಸುಳ್ಳು ಅನ್ನಲ್ಲ, ಮಡಕೆಯ ನಿಜ ಮಣ್ಣು ಅಂತಾನೆ. ಇದೇ ಮಾತನ್ನು ರಾಮಾನುಜರು ಬೇರೆ ರೀತಿ ಓದಿದರು: ಜೀವ ಬ್ರಹ್ಮಕ್ಕೆ ದೇಹ ಇದ್ದ ಹಾಗೆ, ಆ ಸಂಬಂಧದಲ್ಲಿ ಒಂದು. ಇನ್ನು ನಮ್ಮ ಉಡುಪಿ ಕಡೆಯ ಮಧ್ವಾಚಾರ್ಯರು, 13ನೇ ಶತಮಾನದವರು, ಮಾಡಿದ್ದು ನೋಡಿ ನಾವು ಬೆಚ್ಚಿಬಿದ್ದೆವು. ಆ ವಾಕ್ಯದಲ್ಲಿ 'ತತ್' ಶಬ್ದದ ಹಿಂದೆ 'ಆತ್ಮಾ' ಅನ್ನೋ ಶಬ್ದ ಇದೆ. ಸೇರಿಸಿ ಹೇಳಿದರೆ 'ಆತ್ಮಾತತ್' ಅಂತ ಕೇಳುತ್ತೆ. ಇದನ್ನು ಬಿಡಿಸೋದು ಹೇಗೆ? ಆತ್ಮಾ, ತತ್ ಅಂತ ಬಿಡಿಸಿದರೆ 'ಅದು ನೀನು'. ಆತ್ಮಾ + ಅತತ್ ಅಂತ ಸವರ್ಣದೀರ್ಘ ಸಂಧಿ ಮಾಡಿ ಬಿಡಿಸಿದರೆ 'ಅದು ನೀನಲ್ಲ'! ಹೈಸ್ಕೂಲಲ್ಲಿ ದೇವಾಲಯ, ಮಹಾತ್ಮ ಅಂತ ಬಿಡಿಸಿ ಒಂದು ಅಂಕ ತಗೊಂಡ ಅದೇ ಸಂಧಿ. ಒಂದು 'ಅ'ಕಾರದಿಂದ ಅದ್ವೈತ ದ್ವೈತ ಆಗುತ್ತೆ. ಮಧ್ವರು ಬರೀ ಸಂಧಿ ಮೇಲೆ ನಿಂತಿಲ್ಲ, ಉದ್ದಾಲಕನ ಒಂಬತ್ತು ಉದಾಹರಣೆಗಳೂ ಭೇದವನ್ನೇ ಹೇಳ್ತವೆ ಅಂತ ವಾದಿಸಿದರು. ಉಪ್ಪು ನೀರಲ್ಲ, ನದಿ ಸಮುದ್ರ ಅಲ್ಲ. ನಮ್ಮ ಬಿಸಿಲಿನ ತಟ್ಟೆಯ ಅನುಮಾನ ಹೊಸದೇನಲ್ಲ ಅಂತ ಆಗ ಗೊತ್ತಾಯಿತು. ಆದರೆ ಹಿಂದೆ ಮಣ್ಣು ಮಡಕೆ ಇರೋದನ್ನು ನೋಡಿದರೆ ಇಡೀ ಪಾಠದ ಓಟ ಒಂದಾಗುವ ಕಡೆಗೇ ಇದೆ ಅಂತ ನಮಗೆ ಮೂವರಲ್ಲಿ ಇಬ್ಬರಿಗೆ ಅನಿಸಿತು. ಮೂರನೆಯವನು ಉಡುಪಿಯವನು, ಒಪ್ಪಲಿಲ್ಲ.

ಐದು ಅಂಕದಲ್ಲಿ ಈ ಮೂರು ಆಚಾರ್ಯರನ್ನು ತರಬೇಡ ಅಂತ ತಂಗಿಗೆ ಹೇಳಿದೆವು. ಪ್ರಶ್ನೆಯಲ್ಲಿ 'ಉಪನಿಷತ್ತುಗಳಲ್ಲಿ' ಅಂತ ಇದ್ದರೆ ಉತ್ತರ ಅಲ್ಲೇ ನಿಲ್ಲಬೇಕು. ಅದೇ ಕಾರಣಕ್ಕೆ ಹಳೇ ಬಟ್ಟೆ ಬಿಟ್ಟು ಹೊಸ ಬಟ್ಟೆ ಹಾಕಿಕೊಳ್ಳುವ ಉದಾಹರಣೆಯೂ ಬೇಡ, ಅದು ಭಗವದ್ಗೀತೆಯದು. ಪುನರ್ಜನ್ಮದ ಬಗ್ಗೆ ಒಂದು ಸಾಲು ಬೇಕಿದ್ದರೆ ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಕೊಡುವ ಹುಳುವಿನ ಉದಾಹರಣೆ ಬಳಸಬಹುದು: ಹುಲ್ಲಿನ ಗರಿಯ ತುದಿ ಮುಟ್ಟಿದ ಕಂಬಳಿಹುಳು ಮುಂದಿನ ಗರಿಯನ್ನು ಹಿಡಿದುಕೊಂಡು ಮೈ ಎಳೆದುಕೊಳ್ಳುವ ಹಾಗೆ.

ಕೊನೆಗೆ ಅವಳು ತಾನೇ ಬರೆದು, ನಾವು ಎರಡು ಕಡೆ ತಿದ್ದಿದ ಉತ್ತರ ಇದು:

'ಉಪನಿಷತ್ತುಗಳು ವೇದಗಳ ಕೊನೆಯ ಭಾಗದಲ್ಲಿ ಬರುವ ತಾತ್ವಿಕ ಗ್ರಂಥಗಳು. ಛಾಂದೋಗ್ಯ ಮತ್ತು ಬೃಹದಾರಣ್ಯಕ ಇವುಗಳಲ್ಲಿ ಅತ್ಯಂತ ಹಳೆಯವು. ಯಜ್ಞದ ಅರ್ಥವನ್ನು ಹುಡುಕುತ್ತಾ ಚಿಂತಕರು ಮನುಷ್ಯ ಮತ್ತು ಜಗತ್ತಿನ ಮೂಲದ ಬಗ್ಗೆ ಪ್ರಶ್ನೆ ಕೇಳಿದರು. ಆತ್ಮ ಎಂದರೆ "ತಾನು". ದೇಹ, ಉಸಿರು, ಮನಸ್ಸುಗಳಿಗೆ ಆಧಾರವಾಗಿ ಒಳಗಿರುವುದು. ಬ್ರಹ್ಮ ಎಂದರೆ ಇಡೀ ಜಗತ್ತಿಗೆ ಆಧಾರವಾಗಿರುವುದು. ಇದು ಸೃಷ್ಟಿಕರ್ತನಾದ ಬ್ರಹ್ಮದೇವರಲ್ಲ. ಮೊದಲು ಮಂತ್ರದ ಶಕ್ತಿ ಎಂಬ ಅರ್ಥವಿದ್ದ ಈ ಶಬ್ದ ನಂತರ ಈ ಅರ್ಥ ಪಡೆಯಿತು. ಹೃದಯದಲ್ಲಿರುವ ಆತ್ಮವು ಕಾಳಿಗಿಂತ ಚಿಕ್ಕದು, ಲೋಕಗಳಿಗಿಂತ ದೊಡ್ಡದು, ಅದೇ ಬ್ರಹ್ಮ ಎಂದು ಛಾಂದೋಗ್ಯದಲ್ಲಿ ಶಾಂಡಿಲ್ಯ ಹೇಳುತ್ತಾನೆ. ಅದೇ ಗ್ರಂಥದಲ್ಲಿ ಉದ್ದಾಲಕನು ನೀರಿನಲ್ಲಿ ಕರಗಿದ ಉಪ್ಪು ಕಾಣದಿದ್ದರೂ ಎಲ್ಲ ಕಡೆ ಇರುವಂತೆ ಮೂಲವಸ್ತು ಎಲ್ಲದರಲ್ಲಿ ಇದೆ, ಅದೇ ನೀನು ಎಂದು ಮಗ ಶ್ವೇತಕೇತುವಿಗೆ ತಿಳಿಸುತ್ತಾನೆ. ಈ ತಿಳುವಳಿಕೆಯಿಂದ ಹುಟ್ಟು ಸಾವುಗಳ ಸುತ್ತಿನಿಂದ ಬಿಡುಗಡೆ ಸಿಗುತ್ತದೆ ಎಂದು ಉಪನಿಷತ್ತುಗಳು ನಂಬಿದವು.'

ನಾವು ತಿದ್ದಿದ್ದು 'ಬ್ರಹ್ಮನು' ಅಂತ ಒಂದು ಕಡೆ ಇದ್ದದ್ದನ್ನು, ಮತ್ತು 'ಆತ್ಮ ಎಂದರೆ ಜೀವ' ಅಂತ ಇದ್ದದ್ದನ್ನು. 'ತಾನು' ಅನ್ನೋ ಶಬ್ದ ಬೋರ್ಡ್ ಉತ್ತರಕ್ಕೆ ಸಾದಾ ಆಯ್ತೇನೋ ಅಂತ ಅವಳಿಗೆ ಅನುಮಾನ ಇತ್ತು. ಇರಲಿ ಅಂದೆವು.

ಮುಗೀತು ಅಂದುಕೊಂಡಿದ್ದೆವು. ರಾತ್ರಿ ಹನ್ನೊಂದಕ್ಕೆ ಮತ್ತೆ ಮೆಸೇಜ್: 'ಗಾಢ ನಿದ್ದೇಲಿ ತಾನು ಅನ್ನೋದೇ ಗೊತ್ತಾಗಲ್ವಲ್ಲ, ಆಗ ಆತ್ಮ ಎಲ್ಲಿರುತ್ತೆ?' ಪುಸ್ತಕ ತೆಗೆದು ನೋಡಿದರೆ ಉದ್ದಾಲಕ ಇದಕ್ಕೂ ಉತ್ತರ ಕೊಟ್ಟಿದ್ದಾನೆ, ನಿದ್ದೆಯಲ್ಲಿ ಮನುಷ್ಯ ಸತ್‌ನಲ್ಲಿ ಒಂದಾಗಿರ್ತಾನೆ ಅಂತ. ಅದನ್ನೇ ಕಳಿಸಿದೆವು. 'ಒಂದಾಗಿದ್ರೆ ಗೊತ್ತಾಗಬೇಕಲ್ವಾ? ಏನೂ ಗೊತ್ತಾಗದೇ ಇರೋದು ಇಲ್ಲದೇ ಇದ್ದ ಹಾಗೇ ಅಲ್ವಾ?' ಅಂದಳು.

ಛಾಂದೋಗ್ಯದ ಎಂಟನೇ ಅಧ್ಯಾಯದಲ್ಲಿ ಇಂದ್ರ ಪ್ರಜಾಪತಿಯ ಹತ್ತಿರ ಆತ್ಮದ ಬಗ್ಗೆ ಕಲಿಯೋಕೆ ಹೋಗ್ತಾನೆ. ಗಾಢ ನಿದ್ದೆಯಲ್ಲಿರುವುದೇ ಆತ್ಮ ಅಂತ ಪ್ರಜಾಪತಿ ಹೇಳಿದಾಗ, ಒಪ್ಪಿಕೊಂಡು ಹೊರಟ ಇಂದ್ರ ಅರ್ಧ ದಾರಿಯಲ್ಲಿ ನಿಂತು ಸರಿಯಾಗಿ ಇದೇ ಅನುಮಾನ ಪಟ್ಟು ವಾಪಸ್ ಬರ್ತಾನೆ. ಅಷ್ಟರಲ್ಲಿ ಅವನು ಅಲ್ಲಿ ತೊಂಬತ್ತಾರು ವರ್ಷ ಶಿಷ್ಯನಾಗಿ ಕಳೆದಿದ್ದ. ಪ್ರಜಾಪತಿ ಇನ್ನೂ ಐದು ವರ್ಷ ಇರು ಅಂತಾನೆ. ಇದನ್ನು ಅವಳಿಗೆ ಕಳಿಸಿದಾಗ ಬಂದ ಉತ್ತರ: 'ನಂಗೆ ಎಕ್ಸಾಮಿಗೆ ಎರಡೇ ತಿಂಗಳಿದೆ ಅಣ್ಣ.'